ಕಂಬ ಕುಳ್ಳಗಿದೆ ಅಂತ ಅಂಗಡಿ ಮುಚ್ಚಬೇಡಿ: ವ್ಯಾಪಾರದ ಡ್ಯಾಶ್‌ಬೋರ್ಡ್ ಪರೀಕ್ಷಿಸುವುದು ಹೇಗೆ?

ಒಂದು ಕಾಲಕ್ಕೆ ಅಂಗಡಿಯ ಲೆಕ್ಕವೆಲ್ಲ ಕಿರ್ದಿ ಪುಸ್ತಕದಲ್ಲಿ ಇರುತ್ತಿತ್ತು. ರಾತ್ರಿ ಶಟರ್ ಎಳೆದ ಮೇಲೆ ಮಾಲೀಕರು ಕೂತು ಕೂಡಿಸುತ್ತಿದ್ದರು. ಈಗ ಬಿಲ್ಲಿಂಗ್ ಸಾಫ್ಟ್‌ವೇರ್ ತಾನೇ ಕೂಡಿಸುತ್ತದೆ. ಮೊಬೈಲ್ ತೆರೆದರೆ ಬಣ್ಣದ ಕಂಬಗಳು, ಗೆರೆಗಳು, ಮೇಲೆ ಕೆಳಗೆ ಬಾಣಗಳು ಕಾಣುತ್ತವೆ. ಇದಕ್ಕೇ ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಕಾರಿನಲ್ಲಿ ಸ್ಟೀರಿಂಗ್ ಹಿಂದೆ ವೇಗ, ಪೆಟ್ರೋಲ್ ತೋರಿಸುವ ಫಲಕ ಇರುತ್ತದಲ್ವಾ, ವ್ಯಾಪಾರಕ್ಕೆ ಅಂಥದ್ದೇ ಒಂದು ಫಲಕ ಇದು.

ಕಾರಿನ ಫಲಕದಲ್ಲಿ ಪೆಟ್ರೋಲ್ ಮುಳ್ಳು ಸೊನ್ನೆಯಿಂದ ತುಂಬಿದ ಟ್ಯಾಂಕಿನವರೆಗೆ ಓಡುತ್ತದೆ. ಆ ಮುಳ್ಳು ಅರ್ಧ ಟ್ಯಾಂಕಿನಿಂದ ಮೇಲಷ್ಟೇ ಅಳೆಯುವಂತಿದ್ದರೆ, ಟ್ಯಾಂಕ್ ಅರ್ಧ ತುಂಬಿರುವಾಗಲೇ ಖಾಲಿ ಅಂತ ತೋರಿಸುತ್ತಿತ್ತು. ವ್ಯಾಪಾರದ ಡ್ಯಾಶ್‌ಬೋರ್ಡ್‌ಗಳಲ್ಲಿ ಇಂಥದ್ದು ನಿಜವಾಗಿಯೂ ಆಗುತ್ತದೆ. ಅಂಕಿ ಸರಿಯಾಗಿಯೇ ಇರುತ್ತದೆ, ಆದರೆ ಚಿತ್ರ ಬೇರೆ ಕಥೆ ಹೇಳುತ್ತದೆ.

ಇದನ್ನು ಒಂದೇ ಉದಾಹರಣೆ ಇಟ್ಟುಕೊಂಡು ನೋಡೋಣ. ಲೆಕ್ಕ ಅರ್ಥವಾಗಲಿ ಎಂದು ಕಟ್ಟಿಕೊಂಡ ಅಂಗಡಿ ಇದು. ದಾವಣಗೆರೆಯಲ್ಲಿ ಒಬ್ಬ ಅಕ್ಕ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಹೀಗೆ ಹದಿನಾಲ್ಕು ಬಗೆಯ ತಿಂಡಿ ಮಾಡಿ ಪ್ಯಾಕೆಟ್‌ನಲ್ಲಿ ಮಾರುತ್ತಾರೆ ಅಂದುಕೊಳ್ಳಿ. ಮೂರು ಅಂಗಡಿಗಳಿವೆ: ಮಾರ್ಕೆಟ್‌ನಲ್ಲಿ ಒಂದು, ಬಸ್ ಸ್ಟ್ಯಾಂಡ್ ಹತ್ತಿರ ಒಂದು, ಹೊಸ ಬಡಾವಣೆಯಲ್ಲಿ ಒಂದು. 2026ರ ಜನವರಿ ಮೊದಲ ವಾರ. ಲೆಕ್ಕ ನೋಡುವ ಹುಡುಗ ಡಿಸೆಂಬರ್ ತಿಂಗಳ ಡ್ಯಾಶ್‌ಬೋರ್ಡ್ ಕಳಿಸಿದ್ದಾನೆ. ಅದರಲ್ಲಿ ಬಡಾವಣೆ ಅಂಗಡಿಯ ಕಂಬ ಮಾರ್ಕೆಟ್ ಅಂಗಡಿಯ ಕಂಬದ ಅರ್ಧಕ್ಕೂ ಬರುತ್ತಿಲ್ಲ. ಪಕ್ಕದಲ್ಲಿ ಕೆಂಪು ಬಾಣದ ಜೊತೆ "ಬೆಳವಣಿಗೆ ▼6.3%" ಎಂದಿದೆ. ಅಕ್ಕನಿಗೆ ಚಿಂತೆ ಹತ್ತಿದೆ. ಬಡಾವಣೆ ಅಂಗಡಿ ಮುಚ್ಚಿಬಿಡಬೇಕಾ?

## ಮೊದಲು ನೋಡಬೇಕಾದ್ದು: ಕಂಬ ಎಲ್ಲಿಂದ ಶುರುವಾಗಿದೆ?

ಮೂರು ಅಂಗಡಿಗಳ ಡಿಸೆಂಬರ್ ಮಾರಾಟ ಹೀಗಿದೆ: ಮಾರ್ಕೆಟ್ ₹12.4 ಲಕ್ಷ, ಬಸ್ ಸ್ಟ್ಯಾಂಡ್ ₹12 ಲಕ್ಷ, ಬಡಾವಣೆ ₹11.5 ಲಕ್ಷ. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ 90 ಸಾವಿರ ರೂಪಾಯಿ, ಅಂದರೆ ಸುಮಾರು 7%. ಅಷ್ಟೇನೂ ದೊಡ್ಡದಲ್ಲ.

ಹಾಗಾದರೆ ಕಂಬ ಅಷ್ಟು ಕುಳ್ಳಗೆ ಯಾಕೆ ಕಂಡಿತು? ಚಿತ್ರದ ಎಡಗಡೆ ಮೇಲಿಂದ ಕೆಳಗೆ ಒಂದು ಗೆರೆ ಇರುತ್ತದೆ. ಅದರ ಪಕ್ಕ ಅಂಕಿಗಳು ಬರೆದಿರುತ್ತವೆ. ಇದಕ್ಕೆ ಅಕ್ಷ ಎಂದು ಹೆಸರು. ಸ್ಕೂಲಿನ ಗ್ರಾಫ್ ಹಾಳೆಯಲ್ಲಿ ವೈ ಅಕ್ಷ ಅಂತ ಕಲಿತಿದ್ದು ಇದನ್ನೇ. ಅಕ್ಕನ ಚಿತ್ರದಲ್ಲಿ ಆ ಅಕ್ಷದ ಬುಡದಲ್ಲಿ 0 ಇಲ್ಲ, 11 ಲಕ್ಷ ಎಂದಿದೆ. ಅಂದರೆ ಎಲ್ಲ ಕಂಬಗಳ ಕೆಳಗಿನ 11 ಲಕ್ಷದಷ್ಟು ಭಾಗವನ್ನು ಕತ್ತರಿಸಿ, ತುದಿಯನ್ನು ಮಾತ್ರ ತೋರಿಸಲಾಗಿದೆ. ಮಾರ್ಕೆಟ್ ಕಂಬದಲ್ಲಿ ಉಳಿದದ್ದು 1.4 ಲಕ್ಷದಷ್ಟು ಎತ್ತರ. ಬಡಾವಣೆ ಕಂಬದಲ್ಲಿ ಉಳಿದದ್ದು 0.5 ಲಕ್ಷದಷ್ಟು. ಕಣ್ಣು ಈ ಎರಡು ತುಂಡುಗಳನ್ನು ಹೋಲಿಸುತ್ತದೆ. ಒಂದು ಇನ್ನೊಂದರ ಮೂರನೇ ಒಂದು ಭಾಗದಷ್ಟು ಕಾಣುತ್ತದೆ.

ಒಬ್ಬರು ಆರಡಿ ಎತ್ತರ, ಇನ್ನೊಬ್ಬರು ಐದೂವರೆ ಅಡಿ ಅಂದುಕೊಳ್ಳಿ. ಇಬ್ಬರೂ ಐದು ಅಡಿ ಎತ್ತರದ ಗೋಡೆ ಹಿಂದೆ ನಿಂತರೆ ಒಬ್ಬರ ತಲೆ ಇನ್ನೊಬ್ಬರದರ ಎರಡರಷ್ಟು ಮೇಲೆ ಕಾಣುತ್ತದೆ. ಹಾಗಂತ ಅವರು ಎರಡರಷ್ಟು ಎತ್ತರ ಅಂತ ಯಾರೂ ಹೇಳುವುದಿಲ್ಲ, ಗೋಡೆ ಇದೆ ಅಂತ ಗೊತ್ತಿರುತ್ತದೆ. ಚಿತ್ರದಲ್ಲಿ ಆ ಗೋಡೆ ಕಾಣುವುದಿಲ್ಲ. ತೊಂದರೆ ಇರುವುದು ಅಲ್ಲೇ.

ಚಿತ್ರ ಎಷ್ಟು ಉಬ್ಬಿಸಿದೆ ಎಂದು ಲೆಕ್ಕ ಹಾಕಿಯೇ ನೋಡಬಹುದು. ಅಂಕಿಯಲ್ಲಿ ಇಳಿಕೆ 7.3%. ಚಿತ್ರದಲ್ಲಿ ಕಂಬದ ಎತ್ತರದ ಇಳಿಕೆ 64%. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸುಮಾರು 9 ಬರುತ್ತದೆ. ಇದಕ್ಕೆ ಈ ವಿಷಯ ಬಲ್ಲವರು ಲೈ ಫ್ಯಾಕ್ಟರ್ ಎನ್ನುತ್ತಾರೆ. ನೆಟ್ಟಗಿರುವ ಚಿತ್ರದಲ್ಲಿ ಅದು 1ರ ಆಸುಪಾಸು ಇರಬೇಕು. ಇಲ್ಲಿ ಇರುವ ಅಂತರವನ್ನು ಚಿತ್ರ ಒಂಬತ್ತು ಪಟ್ಟು ಹಿಗ್ಗಿಸಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಲೆಕ್ಕದ ಹುಡುಗ ಬೇಕಂತಲೇ ಹೀಗೆ ಮಾಡಿರುವ ಸಾಧ್ಯತೆ ಬಹಳ ಕಡಿಮೆ. ಸುಮ್ನೆ ಅವನ ಮೇಲೆ ಹರಿಹಾಯಬೇಡಿ. ಎಕ್ಸೆಲ್ ತಾನಾಗಿಯೇ ಹೀಗೆ ಮಾಡುತ್ತದೆ. ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ಇರುವ ಅಂತರ, ಆ ದೊಡ್ಡ ಅಂಕಿಯ ಸುಮಾರು ಆರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಅದು ಅಕ್ಷವನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ. ಅಂದರೆ ಅಂಕಿಗಳು ಹತ್ತಿರ ಹತ್ತಿರ ಇದ್ದಾಗಲೇ, ವ್ಯತ್ಯಾಸ ಕಡಿಮೆ ಇದ್ದಾಗಲೇ, ಚಿತ್ರ ಅದನ್ನು ಜಾಸ್ತಿ ಮಾಡಿ ತೋರಿಸುತ್ತದೆ.

ಸರಿ ಮಾಡುವುದು ಅರ್ಧ ನಿಮಿಷದ ಕೆಲಸ. ಎಕ್ಸೆಲ್‌ನಲ್ಲಿ ಅಕ್ಷದ ಅಂಕಿಗಳ ಮೇಲೆ ರೈಟ್ ಕ್ಲಿಕ್ ಮಾಡಿ, Format Axis ತೆರೆದು, Bounds ಕೆಳಗಿನ Minimum ಜಾಗದಲ್ಲಿ 0 ಬರೆದರೆ ಸಾಕು. ಈಗ ಮೂರೂ ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಆಗ ಕೆಲವರಿಗೆ "ಏನೂ ಗೊತ್ತಾಗ್ತಿಲ್ಲವಲ್ಲ, ಎಲ್ಲ ಒಂದೇ ಥರ ಇದೆ" ಅನ್ನಿಸುತ್ತದೆ. ಮೂರೂ ಅಂಗಡಿ ಹೆಚ್ಚುಕಡಿಮೆ ಒಂದೇ ಥರ ನಡೆಯುತ್ತಿವೆ ಎಂಬುದೇ ಅಲ್ಲಿ ತಿಳಿದುಕೊಳ್ಳಬೇಕಾದ ವಿಷಯ.

## ಹಾಗಾದರೆ ಎಲ್ಲ ಚಿತ್ರವೂ ಸೊನ್ನೆಯಿಂದಲೇ ಶುರುವಾಗಬೇಕಾ?

ಬೇಕಿಲ್ಲ. ಕಂಬದ ಚಿತ್ರದಲ್ಲಿ ನಾವು ಉದ್ದವನ್ನು ಓದುತ್ತೇವೆ. ಬುಡ ಕತ್ತರಿಸಿದರೆ ಉದ್ದವೇ ಸುಳ್ಳಾಗುತ್ತದೆ. ಆದ್ದರಿಂದ ಅಲ್ಲಿ ಸೊನ್ನೆ ಇರಲೇಬೇಕು. ಗೆರೆಯ ಚಿತ್ರದಲ್ಲಿ, ಅಂದರೆ ಲೈನ್ ಚಾರ್ಟ್‌ನಲ್ಲಿ, ನಾವು ಓದುವುದು ಏರಿಳಿತವನ್ನು. ಜ್ವರ ಬಂದ ಮಗುವಿನ ಮೈಬಿಸಿ ಬರೆದಿಡುವಾಗ 98ರಿಂದ 103 ಡಿಗ್ರಿ ಫ್ಯಾರನ್‌ಹೀಟ್‌ವರೆಗಿನ ಭಾಗ ತೋರಿಸಿದರೆ ಸಾಕು. ಅದನ್ನು 0 ಡಿಗ್ರಿಯಿಂದ ಬರೆದರೆ 103 ಜ್ವರವೂ ಸಪಾಟಾಗಿ ಕಂಡು ಅಪಾಯವೇ ಗೊತ್ತಾಗುವುದಿಲ್ಲ. ಅಲ್ಲಿ ಸೊನ್ನೆ ಇಡುವುದೇ ದಾರಿ ತಪ್ಪಿಸುತ್ತದೆ.

ಗೆರೆಯ ಚಿತ್ರದಲ್ಲಿ ನೋಡಬೇಕಾದ್ದು ಬೇರೆ. ಎಡಗಡೆಯೂ ಅಕ್ಷ, ಬಲಗಡೆಯೂ ಅಕ್ಷ ಇದೆಯಾ? ಅಕ್ಕನ ಡ್ಯಾಶ್‌ಬೋರ್ಡ್‌ನಲ್ಲಿ ಎರಡನೇ ಚಿತ್ರ ಅಂಥದ್ದು. ಎಡಗಡೆ ಮಾರಾಟ ಲಕ್ಷಗಳಲ್ಲಿ, ಬಲಗಡೆ ಬಿಲ್‌ಗಳ ಸಂಖ್ಯೆ ಸಾವಿರಗಳಲ್ಲಿ. ಎರಡು ಗೆರೆಗಳು ಅಕ್ಟೋಬರ್‌ನಲ್ಲಿ ಒಂದನ್ನೊಂದು ದಾಟಿವೆ. ನೋಡಿದವರೆಲ್ಲ "ಅಕ್ಟೋಬರ್‌ನಲ್ಲಿ ಏನೋ ಆಗಿದೆ" ಎನ್ನುತ್ತಾರೆ. ಆದರೆ ರೂಪಾಯಿಯನ್ನು ಬಿಲ್ಲಿನ ಸಂಖ್ಯೆ ದಾಟುವುದು ಅಂದರೆ ಏನು? ಏನೂ ಇಲ್ಲ. ಬಲಗಡೆಯ ಅಳತೆಯನ್ನು ಸ್ವಲ್ಪ ಬದಲಿಸಿದರೆ ಅದೇ ಗೆರೆಗಳು ಆಗಸ್ಟ್‌ನಲ್ಲಿ ದಾಟುತ್ತವೆ, ಇನ್ನೂ ಬದಲಿಸಿದರೆ ದಾಟುವುದೇ ಇಲ್ಲ. ಇಂಥ ಕಡೆ ಎರಡು ಚಿಕ್ಕ ಚಿತ್ರಗಳನ್ನು ಒಂದರ ಕೆಳಗೆ ಒಂದು ಇಡುವುದು ಒಳ್ಳೆಯದು. ಎರಡರ ಸಂಬಂಧವೇ ಮುಖ್ಯ ಅನ್ನಿಸಿದರೆ ಮಾರಾಟವನ್ನು ಬಿಲ್‌ಗಳ ಸಂಖ್ಯೆಯಿಂದ ಭಾಗಿಸಿ, ಒಂದು ಬಿಲ್ಲಿಗೆ ಸರಾಸರಿ ಎಷ್ಟು ರೂಪಾಯಿ ಎಂದು ಒಂದೇ ಗೆರೆ ಎಳೆಯಬಹುದು.

## ತುಂಬಿ ತುಳುಕುವ ಚಿತ್ರ

ಮೂರನೇ ಚಿತ್ರ ಒಂದು ಪೈ ಚಾರ್ಟ್. ಹೋಳಿಗೆಯನ್ನು ತುಂಡು ಮಾಡಿದ ಹಾಗೆ ಒಂದು ವೃತ್ತವನ್ನು ಹದಿನಾಲ್ಕು ತುಂಡು ಮಾಡಿದ್ದಾರೆ, ಒಂದೊಂದು ತಿಂಡಿಗೆ ಒಂದೊಂದು ತುಂಡು, ಒಂದೊಂದು ಬಣ್ಣ. ಪಕ್ಕದಲ್ಲಿ ಹದಿನಾಲ್ಕು ಬಣ್ಣಗಳ ಪಟ್ಟಿ. ಇಡೀ ವೃತ್ತವನ್ನು ತ್ರೀಡಿಯಲ್ಲಿ ಹಿಂದಕ್ಕೆ ವಾಲಿಸಿದ್ದಾರೆ.

ಚಕ್ಕುಲಿ ಜಾಸ್ತಿ ಹೋಗಿದೆಯಾ, ಕೋಡುಬಳೆಯಾ? ಚಿತ್ರ ನೋಡಿ ಹೇಳಲು ಆಗುವುದಿಲ್ಲ. ಒಂದು 18%, ಇನ್ನೊಂದು 16%. ಇಷ್ಟು ಹತ್ತಿರದ ಎರಡು ಕೋನಗಳನ್ನು ಕಣ್ಣು ಸರಿಯಾಗಿ ಅಳೆಯಲಾರದು. ಅಮೆರಿಕದ ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಒಂದೇ ಬುಡದಿಂದ ಎದ್ದ ಕಂಬಗಳನ್ನು ಜನ ಚೆನ್ನಾಗಿ ಹೋಲಿಸುತ್ತಾರೆ, ಕೋನಗಳನ್ನು ಹೋಲಿಸುವಾಗ ಜಾಸ್ತಿ ತಪ್ಪುತ್ತಾರೆ. ತ್ರೀಡಿ ಇದ್ದರೆ ಇನ್ನೂ ಕಷ್ಟ, ಯಾಕೆಂದರೆ ನಮ್ಮ ಕಡೆಗಿರುವ ತುಂಡಿನ ದಪ್ಪ ಅಂಚೂ ಸೇರಿ ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇದೇ ಅಂಕಿಗಳನ್ನು ಅಡ್ಡ ಕಂಬಗಳಾಗಿ ಮಾಡಿ ನೋಡಿ. ಜಾಸ್ತಿ ಮಾರಾಟವಾದದ್ದು ಮೇಲೆ, ಕಡಿಮೆಯದು ಕೆಳಗೆ. ಹೆಸರು ಕಂಬದ ಎಡಕ್ಕೇ ಇರಲಿ, ಆಗ ಬಣ್ಣದ ಪಟ್ಟಿಯೇ ಬೇಡ. ಎಲ್ಲ ಕಂಬಕ್ಕೂ ಒಂದೇ ಬೂದು ಬಣ್ಣ ಕೊಟ್ಟು, ಈ ತಿಂಗಳು ಗಮನಿಸಬೇಕಾದ ಒಂದಕ್ಕೆ ಮಾತ್ರ ಗಾಢ ಬಣ್ಣ ಕೊಡಿ. ಹದಿನಾಲ್ಕು ಗೆರೆಗಳು ಸಿಕ್ಕುಹಾಕಿಕೊಂಡ ಲೈನ್ ಚಾರ್ಟ್‌ಗೂ ಇದೇ ಮದ್ದು. ಕೆಂಪು-ಹಸಿರು ಬಣ್ಣಗಳನ್ನು ಬೇರೆ ಬೇರೆ ಎಂದು ಗುರುತಿಸಲಾಗದವರು, ಅದರಲ್ಲೂ ಗಂಡಸರು, ಸಾಕಷ್ಟು ಮಂದಿ ಇದ್ದಾರೆ. ಆದ್ದರಿಂದ ಏರಿಕೆ ಇಳಿಕೆಯನ್ನು ಬಣ್ಣದಲ್ಲಷ್ಟೇ ಹೇಳದೆ ಬಾಣ ಅಥವಾ ಅಕ್ಷರವನ್ನೂ ಸೇರಿಸಬೇಕು.

ಚಿತ್ರ ತುಂಬಿ ತುಳುಕುತ್ತಿದೆಯಾ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಚಿತ್ರದಲ್ಲಿರುವ ಒಂದೊಂದೇ ವಸ್ತುವನ್ನು ಬೆರಳಿನಿಂದ ಮುಚ್ಚಿ: ಹಿಂದಿನ ಚೌಕಳಿ ಗೆರೆಗಳು, ನೆರಳು, ಹಿನ್ನೆಲೆ ಬಣ್ಣ, ಎರಡು ಸಲ ಬರೆದ ಹೆಸರು. ಮುಚ್ಚಿದರೂ ಅರ್ಥ ಹಾಗೇ ಉಳಿದರೆ ಅದನ್ನು ತೆಗೆಯಬಹುದು. ಆಮೇಲೆ ಚಿತ್ರವನ್ನು ಗಲ್ಲಾಪೆಟ್ಟಿಗೆಯಲ್ಲಿ ಕೂರುವವರಿಗೆ ತೋರಿಸಿ "ಇದರಲ್ಲಿ ಏನು ಕಾಣ್ತಿದೆ?" ಎಂದು ಕೇಳಿ. ಅವರು ಹೇಳುವ ಮೊದಲ ಮಾತೇ ಆ ಚಿತ್ರ ನಿಜವಾಗಿ ಹೇಳುತ್ತಿರುವ ಮಾತು.

ಅಂಕಿ ಬರೆಯುವ ರೀತಿಯೂ ಇದರಲ್ಲೇ ಬರುತ್ತದೆ. ಹೊರದೇಶದ ಸಾಫ್ಟ್‌ವೇರ್‌ಗಳು 35.9 ಲಕ್ಷವನ್ನು 3.6M ಎಂದು ತೋರಿಸುತ್ತವೆ. M ಅಂದರೆ ಮಿಲಿಯನ್, ಹತ್ತು ಲಕ್ಷ. ಲಕ್ಷ, ಕೋಟಿಯಲ್ಲಿ ಎಣಿಸುವ ನಾವು ಪ್ರತಿ ಸಲ ಮನಸ್ಸಲ್ಲೇ ಗುಣಿಸಬೇಕು, ಅವಸರದಲ್ಲಿ ತಪ್ಪುತ್ತದೆ. ಎಕ್ಸೆಲ್‌ನಲ್ಲಿ ನಮ್ಮ ಪದ್ಧತಿಯಂತೆ ಅಲ್ಪವಿರಾಮ ಬರಬೇಕೆಂದರೆ Format Cells ತೆರೆದು, Custom ಆರಿಸಿ, Type ಜಾಗದಲ್ಲಿ ಇದನ್ನು ಹಾಕಬಹುದು:

```
[>=10000000]##\,##\,##\,##0;[>=100000]##\,##\,##0;##,##0
```

ಆಗ 3590000 ಎಂಬುದು 35,90,000 ಎಂದು ಕಾಣುತ್ತದೆ.

## ಸೂಚಕ: "ಮಾರಾಟ" ಅಂದರೆ ಯಾವ ಮಾರಾಟ?

ಡ್ಯಾಶ್‌ಬೋರ್ಡ್‌ನ ಮೇಲ್ಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ನಾಲ್ಕೈದು ಅಂಕಿ ಇರುತ್ತವೆ. ವ್ಯಾಪಾರ ಚೆನ್ನಾಗಿದೆಯಾ ಇಲ್ಲವಾ ಎಂದು ಒಂದೇ ನೋಟಕ್ಕೆ ಹೇಳಬೇಕಾದ ಅಂಕಿಗಳಿವು. ಆಫೀಸುಗಳಲ್ಲಿ ಇವಕ್ಕೆ ಕೆಪಿಐ ಎನ್ನುತ್ತಾರೆ, ನಾವು ಮುಖ್ಯ ಸೂಚಕ ಎನ್ನೋಣ. ನನ್ನ ಮಟ್ಟಿಗೆ ಅಕ್ಷದ ತಪ್ಪಿಗಿಂತ ಇಲ್ಲಿನ ತಪ್ಪು ದೊಡ್ಡದು. ಅಕ್ಷದ ತಪ್ಪು ಕಣ್ಣಿಗೆ ಬೀಳುತ್ತದೆ, ಇದು ಬೀಳುವುದಿಲ್ಲ.

ಅಕ್ಕನ ಡ್ಯಾಶ್‌ಬೋರ್ಡ್ "ಬೆಳವಣಿಗೆ ▼6.3%" ಎನ್ನುತ್ತಿದೆ. ಯಾವುದರ ಬೆಳವಣಿಗೆ, ಯಾವುದಕ್ಕೆ ಹೋಲಿಸಿ? ಕಾರ್ಡ್ ಮೇಲೆ ಬರೆದಿಲ್ಲ. ಕೇಳಿದಾಗ ಗೊತ್ತಾಯಿತು: ಮೂರೂ ಅಂಗಡಿ ಸೇರಿ 2025ರ ಡಿಸೆಂಬರ್ ಮಾರಾಟ ₹35.9 ಲಕ್ಷ, 2024ರ ಡಿಸೆಂಬರ್‌ನಲ್ಲಿ ₹38.3 ಲಕ್ಷ. ಎರಡೂ ಬಿಲ್ಲಿನ ಒಟ್ಟು ಮೊತ್ತ, ಅಂದರೆ ಜಿಎಸ್‌ಟಿ ಸೇರಿದ ಮೊತ್ತ.

ಇಲ್ಲೇ ಗಂಟು ಇರುವುದು. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಕುರುಕಲು ತಿಂಡಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12%ರ ಬದಲು 5% ಆಯಿತು. ತೆರಿಗೆ ಬಿಟ್ಟು ₹100 ಇದ್ದ ಚಕ್ಕುಲಿ ಪ್ಯಾಕೆಟ್‌ಗೆ ಮೊದಲು ಗಿರಾಕಿ ₹112 ಕೊಡುತ್ತಿದ್ದರು, ಈಗ ₹105 ಕೊಡುತ್ತಾರೆ. ಅದೇ ಪ್ಯಾಕೆಟ್, ಅಷ್ಟೇ ಪ್ಯಾಕೆಟ್ ಮಾರಿದರೂ ಬಿಲ್ಲಿನ ಮೊತ್ತ 6.25% ಕಡಿಮೆಯಾಗುತ್ತದೆ. ಕಡಿಮೆಯಾದ ಆ ಏಳು ರೂಪಾಯಿ ಅಕ್ಕನದಾಗಿರಲೇ ಇಲ್ಲ. ಅದು ಸರ್ಕಾರಕ್ಕೆ ಕಟ್ಟಬೇಕಿದ್ದ ಹಣ.

ಈಗ ತೆರಿಗೆ ತೆಗೆದು ನೋಡೋಣ. ಹಿಂದಿನ ವರ್ಷದ 38.3 ಲಕ್ಷವನ್ನು 1.12ರಿಂದ ಭಾಗಿಸಿದರೆ 34.2 ಲಕ್ಷ. ಈ ವರ್ಷದ 35.9 ಲಕ್ಷವನ್ನು 1.05ರಿಂದ ಭಾಗಿಸಿದರೂ 34.2 ಲಕ್ಷ. ವ್ಯಾಪಾರ ಇಳಿದಿಲ್ಲ, ಇದ್ದಲ್ಲೇ ಇದೆ. ಬೆಳೆದಿಲ್ಲ ಎಂಬುದು ಅಕ್ಕ ಯೋಚಿಸಬೇಕಾದ ವಿಷಯವೇ, ಆದರೆ ಗಾಬರಿ ಬೀಳುವಂಥದ್ದಲ್ಲ. ತೆರಿಗೆ ಇಳಿದಷ್ಟು ಬೆಲೆಯನ್ನೂ ಇಳಿಸಿದ್ದಾರೆ, ಎಲ್ಲವೂ ಪ್ಯಾಕೆಟ್‌ನಲ್ಲೇ ಮಾರಾಟವಾಗಿದೆ ಎಂದು ಇಟ್ಟುಕೊಂಡು ಮಾಡಿದ ಲೆಕ್ಕ ಇದು. ಬಿಡಿ ತಿಂಡಿಗೆ ಮೊದಲಿನಿಂದಲೂ 5% ಇತ್ತು, ಆದ್ದರಿಂದ ಎರಡೂ ಮಾರುವವರು ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು.

## ಯಾವಾಗಿನದಕ್ಕೆ ಯಾವಾಗಿನದನ್ನು ಹೋಲಿಸಬೇಕು?

ಬೆಳವಣಿಗೆಯ ಅಂಕಿ ಇನ್ನೊಂದು ರೀತಿಯಲ್ಲೂ ಎಡವುತ್ತದೆ. ಜನವರಿ 10ನೇ ತಾರೀಕು ರಾತ್ರಿ ಅಕ್ಕ ಮೊಬೈಲ್ ತೆರೆದರೆ "ಈ ತಿಂಗಳು ▼68%" ಎಂದು ಕಾಣಬಹುದು. ಅಂಗಡಿಗೆ ಏನೂ ಆಗಿಲ್ಲ. ಜನವರಿಯ 10 ದಿನದ ಮಾರಾಟವನ್ನು ಡಿಸೆಂಬರ್‌ನ 31 ದಿನದ ಮಾರಾಟಕ್ಕೆ ಹೋಲಿಸಿದ್ದಾರೆ ಅಷ್ಟೆ. ದಿನಕ್ಕೆ ಅಷ್ಟೇ ಮಾರಿದರೂ ಈ ಅಂಕಿ ಬಂದೇ ಬರುತ್ತದೆ. ಹೋಲಿಸುವುದಾದರೆ 1ರಿಂದ 10ರವರೆಗಿನ ದಿನಗಳನ್ನು ಹಿಂದಿನ ತಿಂಗಳ 1ರಿಂದ 10ಕ್ಕೆ ಹೋಲಿಸಬೇಕು.

ಹಬ್ಬಗಳದ್ದು ಬೇರೆಯೇ ಸಮಸ್ಯೆ. ಸಾಫ್ಟ್‌ವೇರ್ ಎಣಿಸುವುದು ಇಂಗ್ಲಿಷ್ ತಿಂಗಳು, ಗಿರಾಕಿ ಚಕ್ಕುಲಿ ಕೊಳ್ಳುವುದು ಪಂಚಾಂಗ ನೋಡಿ. 2023ರಲ್ಲಿ ದೀಪಾವಳಿ ನವೆಂಬರ್ 12ರ ಹೊತ್ತಿಗೆ ಬಂತು, 2024ರಲ್ಲಿ ಅಕ್ಟೋಬರ್ ಕೊನೆಗೆ, 2025ರಲ್ಲಿ ಅಕ್ಟೋಬರ್ 20ರ ಹೊತ್ತಿಗೆ. ತಿಂಗಳಿಗೆ ತಿಂಗಳು ಹೋಲಿಸಿದರೆ ಒಂದು ವರ್ಷದ ಅಕ್ಟೋಬರ್ ದಿಢೀರನೆ ಏರಿದಂತೆ, ನವೆಂಬರ್ ಬಿದ್ದುಹೋದಂತೆ ಕಾಣುತ್ತದೆ. ತಿಂಡಿ, ಬಟ್ಟೆ, ಹೂವು ಮಾರುವವರು ಅಕ್ಟೋಬರ್-ನವೆಂಬರ್ ಎರಡನ್ನೂ ಸೇರಿಸಿ ಹೋಲಿಸುವುದು ಒಳ್ಳೆಯದು. ಇಲ್ಲವೇ ಹಬ್ಬಕ್ಕೆ ಮುಂಚಿನ ಹದಿನೈದು ದಿನವನ್ನು ಹಿಂದಿನ ವರ್ಷದ ಹಬ್ಬಕ್ಕೆ ಮುಂಚಿನ ಹದಿನೈದು ದಿನಕ್ಕೆ ಹೋಲಿಸಬಹುದು.

ಹೀಗಾಗಿ ಒಂದು ಸೂಚಕದ ಕೆಳಗೆ ಚಿಕ್ಕ ಅಕ್ಷರದಲ್ಲಾದರೂ ಒಂದು ವಾಕ್ಯ ಇರಬೇಕು. ಅಕ್ಕನ ಕಾರ್ಡಿಗೆ ಹೀಗೆ ಬರೆಯಬಹುದು: "ಮೂರೂ ಅಂಗಡಿಗಳ ಮಾರಾಟ, ಜಿಎಸ್‌ಟಿ ಬಿಟ್ಟು, ವಾಪಸ್ ಬಂದ ಸರಕು ಕಳೆದು, ಡಿಸೆಂಬರ್ 1ರಿಂದ 31, ಹಿಂದಿನ ವರ್ಷದ ಇದೇ ದಿನಗಳಿಗೆ ಹೋಲಿಸಿದೆ." ಈ ವಾಕ್ಯ ಬರೆಯಲು ಕೂತಾಗ ಲೆಕ್ಕದ ಹುಡುಗನೇ "ವಾಪಸ್ ಬಂದದ್ದು ಕಳೆದಿದೀನಾ?" ಎಂದು ಹಿಂದೆ ಹೋಗಿ ನೋಡುತ್ತಾನೆ. ತಪ್ಪುಗಳು ಸಾಮಾನ್ಯವಾಗಿ ಆಗ ಸಿಗುತ್ತವೆ.

## ಅಂಗಡಿ ಮುಚ್ಚುವ ಪ್ರಶ್ನೆಗೆ ಯಾವ ಅಂಕಿ ಬೇಕಿತ್ತು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಕ್ಷ ಸರಿ ಮಾಡಿದ ಮೇಲೆ ಬಡಾವಣೆ ಅಂಗಡಿ 7% ಹಿಂದಿದೆ ಎಂದು ಗೊತ್ತಾಯಿತು. ಹಾಗಂತ ಅದು ಮೂರರಲ್ಲಿ ಕೊನೆಯದಾ? ಮುಚ್ಚಬೇಕಾ ಬೇಡವಾ ಎಂಬುದನ್ನು ಮಾರಾಟ ಹೇಳುವುದಿಲ್ಲ. ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಹೇಳುತ್ತದೆ.

ತೆರಿಗೆ ಬಿಟ್ಟ ಮಾರಾಟದಲ್ಲಿ ಸರಕಿನ ಖರ್ಚು ಕಳೆದು 20% ಉಳಿಯುತ್ತದೆ ಎಂದುಕೊಳ್ಳಿ. ಮಾರ್ಕೆಟ್ ಅಂಗಡಿಗೆ ಉಳಿದದ್ದು ಸುಮಾರು ₹2.36 ಲಕ್ಷ, ಬಡಾವಣೆಗೆ ₹2.19 ಲಕ್ಷ. ಸಂಬಳ, ಕರೆಂಟು ಮೂರೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಮಾರ್ಕೆಟ್‌ನಲ್ಲಿ ಬಾಡಿಗೆ ₹90 ಸಾವಿರ, ಬಡಾವಣೆಯಲ್ಲಿ ₹40 ಸಾವಿರ. ಬಾಡಿಗೆ ಕಳೆದರೆ ಮಾರ್ಕೆಟ್‌ನಲ್ಲಿ ಉಳಿಯುವುದು ₹1.46 ಲಕ್ಷ, ಬಡಾವಣೆಯಲ್ಲಿ ₹1.79 ಲಕ್ಷ. ಮುಚ್ಚಲು ಹೊರಟಿದ್ದ ಅಂಗಡಿಯೇ ತಿಂಗಳಿಗೆ 33 ಸಾವಿರ ಜಾಸ್ತಿ ಉಳಿಸಿಕೊಡುತ್ತಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಬಾಡಿಗೆ ಎಲ್ಲೂ ಇರಲಿಲ್ಲ. ಚಿತ್ರವನ್ನು ಎಷ್ಟೇ ಅಂದಗೊಳಿಸಿದರೂ ಈ ವಿಷಯ ಅದರಲ್ಲಿ ಕಾಣುತ್ತಿರಲಿಲ್ಲ.

## ಕೂತು ಪರೀಕ್ಷಿಸುವುದು ಹೇಗೆ?

ಡ್ಯಾಶ್‌ಬೋರ್ಡನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಪೆನ್ನು ಹಿಡಿದು ಕೂರಿ. ಪ್ರತಿ ಚಿತ್ರದ ಪಕ್ಕ "ಇದನ್ನು ನೋಡಿ ನಾನು ಏನು ತೀರ್ಮಾನ ಮಾಡ್ತೀನಿ?" ಎಂದು ಒಂದು ಸಾಲು ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಚಿತ್ರ ಅಲ್ಲಿ ಬೇಡ. ಉಳಿದ ಚಿತ್ರಗಳಲ್ಲಿ ಕಂಬ ನೋಡುವ ಮೊದಲು ಅಕ್ಷದ ಬುಡದ ಅಂಕಿಗೆ ಸುತ್ತು ಹಾಕಿ. ಆಮೇಲೆ ಪ್ರತಿ ಸೂಚಕದ ಹಿಂದಿನ ವಾಕ್ಯವನ್ನು ಕೇಳಿ ಬರೆದುಕೊಳ್ಳಿ.

ಕೊನೆಗೆ ಒಂದು ಅಂಕಿಯನ್ನು ಕೈಯಾರೆ ಕೂಡಿಸಿ ನೋಡಲೇಬೇಕು. ಯಾವುದೋ ಒಂದು ಅಂಗಡಿ, ಯಾವುದೋ ಒಂದು ದಿನ ಆರಿಸಿ, ಆ ದಿನದ ಬಿಲ್‌ಗಳ ಮೊತ್ತ ಡ್ಯಾಶ್‌ಬೋರ್ಡ್‌ಗೆ ಹೊಂದುತ್ತದಾ ನೋಡಿ. ಹೊಂದದಿದ್ದರೆ ಮೊದಲು ಫಿಲ್ಟರ್ ನೋಡಿ, ಒಂದು ಅಂಗಡಿಯೋ ಒಂದು ಬಗೆಯ ಪಾವತಿಯೋ ಬಿಟ್ಟುಹೋಗಿರಬಹುದು. ಅಂಕಿ ಯಾವಾಗ ಹೊಸದಾಗಿ ಬಂತು ಎಂಬ ಸಮಯವನ್ನೂ ನೋಡಿ. ಮಧ್ಯಾಹ್ನ ಎರಡು ಗಂಟೆಗೆ ಬಂದ ಅಂಕಿಯಲ್ಲಿ ಸಂಜೆಯ ವ್ಯಾಪಾರ ಇರುವುದಿಲ್ಲ.

ಅಕ್ಕನ ಹಾಳೆಯ ಮೂಲೆಯಲ್ಲಿ ಈಗಲೇ ಬರೆದಿಡಬೇಕಾದ ಇನ್ನೊಂದು ವಿಷಯ ಇದೆ. 2026ರಲ್ಲಿ ದೀಪಾವಳಿ ನವೆಂಬರ್ 8ರ ಹೊತ್ತಿಗೆ ಬರುತ್ತದೆ. ಹಾಗಾಗಿ ಬರುವ ಅಕ್ಟೋಬರ್‌ನ ಕಾರ್ಡ್, ಹಿಂದಿನ ಅಕ್ಟೋಬರ್‌ಗೆ ಹೋಲಿಸಿ, ದೊಡ್ಡ ಕೆಂಪು ಬಾಣ ತೋರಿಸಲಿದೆ. ಅದರ ಪಕ್ಕ "ಹಬ್ಬ ಮುಂದಿನ ತಿಂಗಳು" ಎಂದು ಬರೆಸಿಟ್ಟರೆ, ಆ ವಾರ ಚಕ್ಕುಲಿ ಹಿಟ್ಟು ಕಡಿಮೆ ತರಿಸುವ ತಪ್ಪು ಆಗುವುದಿಲ್ಲ.